ದಾಖಲಾತಿ ಹಂಗಾಮಿಗೆ ಬಾಯಿಮಾತಿನ ಪ್ರಚಾರ: ಯಾವ ಶಾಲೆಗೆ ಯಾವ ದಾರಿ ಸರಿ?

ದಾವಣಗೆರೆಯ ಮಧ್ಯಮ ಗಾತ್ರದ ಖಾಸಗಿ ಶಾಲೆಯೊಂದರ ಆಡಳಿತ ಮಂಡಳಿ ಮುಂದಿನ ಸಾಲಿನ ದಾಖಲಾತಿಯ ಕುರಿತು ಸಭೆ ಸೇರಿದಾಗ ಸಾಮಾನ್ಯವಾಗಿ ನಾಲ್ಕು ಸಲಹೆಗಳು ಕೇಳಿಬರುತ್ತವೆ. ಹೊಸ ಮಗುವನ್ನು ಕರೆತಂದ ಪೋಷಕರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡೋಣ ಎನ್ನುವುದು ಒಂದು. ಶಾಲೆ ನಡೆಯುವ ದಿನವೇ ಹೊಸ ಪೋಷಕರನ್ನು ಕರೆಸಿ, ಈಗಾಗಲೇ ಮಕ್ಕಳನ್ನು ಸೇರಿಸಿರುವವರ ಜೊತೆ ಮಾತಿಗೆ ಕೂರಿಸೋಣ ಎನ್ನುವುದು ಎರಡನೆಯದು. ಶಿಕ್ಷಕರನ್ನು ಮನೆ ಮನೆಗೆ ಕಳುಹಿಸೋಣ ಎನ್ನುವುದು ಮೂರನೆಯದು. ಇವೆಲ್ಲ ಏಕೆ, ನಾಲ್ಕು ವೃತ್ತಗಳಲ್ಲಿ ಫ್ಲೆಕ್ಸ್ ಕಟ್ಟಿ, ಆಟೋದಲ್ಲಿ ಮೈಕ್ ಹಾಕಿಸಿ, ಪತ್ರಿಕೆಯೊಳಗೆ ಕರಪತ್ರ ಇಡಿಸೋಣ ಎನ್ನುವುದು ಕೊನೆಯದು. ಮೊದಲ ಮೂರೂ ಒಂದಲ್ಲ ಒಂದು ರೀತಿಯಲ್ಲಿ ಪೋಷಕರ ವಿಶ್ವಾಸವನ್ನೇ ನೆಚ್ಚಿಕೊಂಡಿವೆಯಾದರೂ ಅವು ಕೊಡುವ ಫಲ ಬೇರೆ ಬೇರೆ, ಕೆಡುವ ರೀತಿಯೂ ಬೇರೆ ಬೇರೆ. ಆದ್ದರಿಂದ ಒಂದೇ ಶಾಲೆಯನ್ನು ಮುಂದಿಟ್ಟುಕೊಂಡು ನಾಲ್ಕನ್ನೂ ತೂಗಿ ನೋಡುವುದು ಈ ಬರಹದ ಕೆಲಸ.

ಉದಾಹರಣೆಗಾಗಿ ಹದಡಿ ರಸ್ತೆಯ ಕಡೆಗೆ ಇರುವ ಶಾಲೆಯೊಂದನ್ನು ಕಲ್ಪಿಸಿಕೊಳ್ಳೋಣ. ರಾಜ್ಯ ಪಠ್ಯಕ್ರಮ, ಇಂಗ್ಲಿಷ್ ಮಾಧ್ಯಮ, ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗೆ ಸುಮಾರು 410 ಮಕ್ಕಳು, ಅಂದರೆ ಸುಮಾರು 300 ಕುಟುಂಬಗಳು. ಎಲ್‌ಕೆಜಿಯಲ್ಲಿ 60 ಸೀಟುಗಳಿದ್ದು, ಅವುಗಳಲ್ಲಿ 18 ಸೀಟುಗಳಿಗೆ ಈಗಿರುವ ಮಕ್ಕಳ ತಮ್ಮ ತಂಗಿಯರೇ ಬರುತ್ತಾರೆ. ಉಳಿದ 42 ಸೀಟುಗಳಿಗೆ ಹೊಸ ಕುಟುಂಬಗಳು ಬೇಕು. ಪ್ರಚಾರಕ್ಕೆಂದು ಮಂಡಳಿ ತೆಗೆದಿಟ್ಟಿರುವ ಹಣ 1,20,000 ರೂಪಾಯಿ. ಮುಂದಿನ ಲೆಕ್ಕಗಳೆಲ್ಲ ಈ ಕಲ್ಪಿತ ಶಾಲೆಯವು. ನಿಮ್ಮ ಶಾಲೆಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟು ನೋಡಬಹುದು.

ಮೊದಲು ಟಿ.ಸಿ. ವಹಿಯನ್ನು ತೆರೆಯಬೇಕು

ಆಯ್ಕೆಗೆ ಮುಂಚೆ ನೋಡಲೇಬೇಕಾದದ್ದು ವರ್ಗಾವಣೆ ಪತ್ರಗಳ ವಹಿ. ಬಾಯಿಮಾತು ಎಂಬುದು ಶಾಲೆ ಶುರುಮಾಡಿದಾಗ ಶುರುವಾಗುವುದಿಲ್ಲ. ಅದು ಈಗಾಗಲೇ ನಡೆಯುತ್ತಲೇ ಇರುತ್ತದೆ. ಕಳೆದ ವರ್ಷ ಮಗುವನ್ನು ಬಿಡಿಸಿಕೊಂಡು ಹೋದ ಕುಟುಂಬವೂ ಅದೇ ಓಣಿಯಲ್ಲಿ ವಾಸವಾಗಿದ್ದು, ಯಾರಾದರೂ ಕೇಳಿದಾಗ ತನ್ನ ಅನುಭವವನ್ನು ಹೇಳುತ್ತದೆ. ನಮ್ಮ ಉದಾಹರಣೆಯ ಶಾಲೆಯಲ್ಲಿ ಕಳೆದ ಸಾಲಿನಲ್ಲಿ, ಹತ್ತನೆಯದನ್ನು ಮುಗಿಸಿದವರನ್ನು ಬಿಟ್ಟು, 26 ಕುಟುಂಬಗಳು ಟಿ.ಸಿ. ಪಡೆದಿವೆ ಎಂದುಕೊಳ್ಳೋಣ. ಅವರಲ್ಲಿ 9 ಕುಟುಂಬಗಳು ಕೆಲಸದ ವರ್ಗಾವಣೆಯಿಂದ ಊರನ್ನೇ ಬಿಟ್ಟವು. ಉಳಿದ 17 ಕುಟುಂಬಗಳು ಊರಿನಲ್ಲೇ ಇದ್ದು ಬೇರೆ ಶಾಲೆಗೆ ಹೋದವು. ವಹಿಯ ಕಾರಣದ ಕಲಂನಲ್ಲಿ ಎಲ್ಲದಕ್ಕೂ ‘ಪೋಷಕರ ಇಚ್ಛೆಯ ಮೇರೆಗೆ’ ಎಂದೇ ಬರೆದಿರುತ್ತದೆಯಾದ್ದರಿಂದ ಅದರಿಂದ ಏನೂ ತಿಳಿಯುವುದಿಲ್ಲ. ವಿಳಾಸ ಮತ್ತು ವ್ಯಾನ್ ಮಾರ್ಗವನ್ನು ಪಕ್ಕದಲ್ಲಿ ಬರೆದುಕೊಂಡು ನೋಡಿದಾಗ, 17ರಲ್ಲಿ 8 ಕುಟುಂಬಗಳು ಒಂದೇ ವ್ಯಾನ್ ಮಾರ್ಗದವು ಎಂಬುದು ಕಾಣುತ್ತದೆ. ಆ ವ್ಯಾನ್ ಸಂಜೆ ಊರೆಲ್ಲ ಸುತ್ತಿ, ಕೊನೆಯ ಮಗುವನ್ನು ಆರು ಗಂಟೆ ದಾಟಿದ ಮೇಲೆ ಮನೆಗೆ ಬಿಡುತ್ತಿತ್ತು.

ಆ ಮಾರ್ಗವನ್ನು ಎರಡು ಮಾಡದೆ ಆ ಬಡಾವಣೆಗಳಲ್ಲಿ ಯಾವ ಪ್ರಚಾರ ಮಾಡಿದರೂ ಅದು ಬಿಟ್ಟುಹೋದ ಎಂಟು ಮನೆಗಳ ಬಾಗಿಲಿಗೆ ಬಂದು ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ, ಊರಿನಲ್ಲೇ ಇದ್ದು ಶಾಲೆ ಬಿಟ್ಟ ಕುಟುಂಬಗಳು ಒಟ್ಟು ಕುಟುಂಬಗಳ ಹತ್ತನೇ ಒಂದು ಭಾಗವನ್ನು ಮೀರಿದ್ದರೆ ಆ ವರ್ಷ ಬಾಯಿಮಾತಿನ ಪ್ರಚಾರಕ್ಕೆ ಕೈಹಾಕದೆ, ಇರುವವರು ಏಕೆ ಹೋಗುತ್ತಿದ್ದಾರೆ ಎಂಬುದಕ್ಕೇ ಹಣವನ್ನೂ ಸಮಯವನ್ನೂ ಕೊಡುವುದು ಲೇಸು. ನಮ್ಮ ಉದಾಹರಣೆಯಲ್ಲಿ 300ಕ್ಕೆ 17 ಇರುವುದರಿಂದ ಮುಂದುವರಿಯಬಹುದು, ಆದರೆ ವ್ಯಾನ್ ಸಮಸ್ಯೆಯನ್ನು ಜನವರಿಯೊಳಗೆ ಬಗೆಹರಿಸಿಕೊಂಡು.

ರಿಯಾಯಿತಿ ಕೊಟ್ಟು ಶಿಫಾರಸು ಮಾಡಿಸುವುದು

‘ಒಂದು ಮಗುವನ್ನು ಕರೆತಂದರೆ ನಿಮ್ಮ ಮಗುವಿನ ಶುಲ್ಕದಲ್ಲಿ 2,000 ರೂಪಾಯಿ ಕಡಿತ’ ಎಂಬ ಯೋಜನೆ ಕಾಗದದ ಮೇಲೆ ಬಹಳ ಅಗ್ಗವಾಗಿ ಕಾಣುತ್ತದೆ, ಏಕೆಂದರೆ ಮಗು ಸೇರಿದ ಮೇಲೆಯೇ ಹಣ ಖರ್ಚಾಗುತ್ತದೆ. ಆದರೆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಂಗಾಮು ಮುಗಿದಾಗ 24 ದಾಖಲಾತಿಗಳಿಗೆ ರಿಯಾಯಿತಿ ಕೇಳಿಬಂದರೆ ಖರ್ಚು 48,000 ರೂಪಾಯಿ. ಆ 24ರಲ್ಲಿ ಎಷ್ಟು ಕುಟುಂಬಗಳು ರಿಯಾಯಿತಿ ಇಲ್ಲದಿದ್ದರೂ ಬರುತ್ತಿದ್ದವು? ಶಾಲೆಯನ್ನು ಮೆಚ್ಚಿದ ತಾಯಿಯೊಬ್ಬರು ತಮ್ಮ ನಾದಿನಿಗೆ ಹೇಗೂ ಹೇಳುತ್ತಿದ್ದರು. ಹಾಗೆ ಬರುವವರು 16 ಎಂದು ಹಿಡಿದರೆ, ಯೋಜನೆಯಿಂದಲೇ ಬಂದವರು 8 ಮಾತ್ರ. ಆಗ ತಲಾ ಖರ್ಚು 6,000 ರೂಪಾಯಿ ಆಗುತ್ತದೆ. ಈ ಭಾಗವನ್ನು ತಿಳಿಯಲು ಒಂದು ಸರಳ ದಾರಿ ಇದೆ. ರಿಯಾಯಿತಿ ಇಲ್ಲದ ಹಿಂದಿನ ವರ್ಷ ‘ಪರಿಚಯದವರು ಹೇಳಿದರು’ ಎಂದು ಬಂದವರ ಸಂಖ್ಯೆಯನ್ನು ವಿಚಾರಣಾ ವಹಿಯಿಂದ ತೆಗೆದು, ಈ ವರ್ಷದ ಸಂಖ್ಯೆಯ ಪಕ್ಕದಲ್ಲಿ ಇಟ್ಟು ನೋಡಬೇಕು.

ಹಣಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ದಾವಣಗೆರೆಯಂತಹ ಊರಿನಲ್ಲಿ ಹೇಳುವವರೂ ಕೇಳುವವರೂ ಸಂಬಂಧಿಕರೋ ಒಂದೇ ಓಣಿಯವರೋ ಆಗಿರುವುದರಿಂದ, ಹೇಳಿದವರಿಗೆ 2,000 ರೂಪಾಯಿ ಸಿಕ್ಕಿತು ಎಂಬ ವಿಷಯ ಜೂನ್ ತಿಂಗಳೊಳಗೆ ಕೇಳಿದವರಿಗೆ ಗೊತ್ತಾಗಿಯೇ ಆಗುತ್ತದೆ. ಅದು ಗೊತ್ತಾದ ದಿನದಿಂದ ಆ ತಾಯಿಯ ಮಾತಿನ ಬೆಲೆ ಇಳಿಯುತ್ತದೆ. ಮುಂದಿನ ವರ್ಷ ಆಕೆ ನಿಜವಾಗಿ ಮೆಚ್ಚಿ ಹೇಳಿದರೂ ‘ಅವರಿಗೇನೋ ಲಾಭ ಇರಬೇಕು’ ಎಂದೇ ಜನ ಅಂದುಕೊಳ್ಳುತ್ತಾರೆ. ಮೆಚ್ಚುಗೆಯಿಂದ ಹೇಳುವವರು ಮುಜುಗರದಿಂದ ಹಿಂದೆ ಸರಿಯುತ್ತಾರೆ, ರಿಯಾಯಿತಿಗಾಗಿ ಹೇಳುವವರು ಮುಂದೆ ಬರುತ್ತಾರೆ. ಇಂತಹ ಪೋಷಕರ ಮಾತನ್ನು ವಿಡಿಯೊ ಮಾಡಿ ಜಾಹೀರಾತಿಗೆ ಬಳಸಿದರಂತೂ ಕಾನೂನಿನ ಪ್ರಶ್ನೆಯೂ ಬರುತ್ತದೆ: ದಾರಿತಪ್ಪಿಸುವ ಜಾಹೀರಾತುಗಳ ತಡೆಗೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮೆಚ್ಚಿ ಮಾತನಾಡುವವರಿಗೂ ಜಾಹೀರಾತುದಾರರಿಗೂ ಜನ ಊಹಿಸಲಾಗದಂತಹ ಲಾಭದ ಸಂಬಂಧ ಇದ್ದರೆ ಅದನ್ನು ಬಹಿರಂಗವಾಗಿ ತಿಳಿಸಬೇಕು.

ಒಂದೇ ಕುಟುಂಬದ ಎರಡನೆಯ ಮಗುವಿಗೆ ಕೊಡುವ ಶುಲ್ಕ ವಿನಾಯಿತಿಯನ್ನು ಇದರೊಂದಿಗೆ ಬೆರೆಸಬಾರದು. ಅದು ಎಲ್ಲರಿಗೂ ಒಂದೇ ನಿಯಮದಂತೆ, ಶುಲ್ಕ ಪಟ್ಟಿಯಲ್ಲೇ ಮುದ್ರಿತವಾಗಿ ಸಿಗುವಂಥದ್ದು; ಮಾತಿಗೆ ಕೊಟ್ಟ ಬೆಲೆಯಲ್ಲ. ಅದನ್ನು ಧಾರಾಳವಾಗಿ ಮುಂದುವರಿಸಬಹುದು.

ಶಾಲೆ ನಡೆಯುವ ದಿನದ ಭೇಟಿ

ನಾಲ್ಕರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ಇದನ್ನು ವಾರ್ಷಿಕೋತ್ಸವದ ಜೊತೆಗೋ, ಬಲೂನು ಕಟ್ಟಿದ ‘ಓಪನ್ ಡೇ’ ಜೊತೆಗೋ ಸೇರಿಸಬಾರದು. ಅಲಂಕಾರವಿಲ್ಲದ ಮಂಗಳವಾರವೋ ಗುರುವಾರವೋ, ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ, ಒಂದು ಸಲಕ್ಕೆ ಆರು ಕುಟುಂಬಗಳಿಗಿಂತ ಹೆಚ್ಚಿಲ್ಲದಂತೆ ನಡೆಸಬೇಕು. ಆರು ಕುಟುಂಬಗಳು ಬರಬೇಕಾದರೆ ಒಂಬತ್ತು ಕುಟುಂಬಗಳನ್ನು ಕರೆಯಬೇಕಾದೀತು. ಹೀಗೆ ಡಿಸೆಂಬರ್ ಎರಡನೇ ವಾರದಿಂದ ಫೆಬ್ರವರಿ ಕೊನೆಯವರೆಗೆ ಎಂಟು ಭೇಟಿಗಳನ್ನು ನಡೆಸಿದರೆ 48 ಕುಟುಂಬಗಳು ಶಾಲೆಯನ್ನು ಹತ್ತಿರದಿಂದ ನೋಡಿದಂತಾಗುತ್ತದೆ.

ಕಾಲದ ಆಯ್ಕೆಗೆ ಕಾರಣವಿದೆ. ರಾಜ್ಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆಗೆ ಮುಚ್ಚಿ ಮೇ ಕೊನೆಯಲ್ಲಿ ತೆರೆಯುತ್ತವೆ. ಫ್ಲೆಕ್ಸ್‌ಗಳು ಏಳುವ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತೋರಿಸುವುದಕ್ಕೆ ಖಾಲಿ ಕಟ್ಟಡವಷ್ಟೇ ಉಳಿದಿರುತ್ತದೆ. ಮಕ್ಕಳು ತುಂಬಿರುವ ತರಗತಿ, ಊಟದ ಬಿಡುವು, ಶೌಚಾಲಯದ ಸ್ಥಿತಿ, ವ್ಯಾನ್ ಹತ್ತಿಸುವ ರೀತಿ, ಇವುಗಳನ್ನು ತೋರಿಸಬಹುದಾದ ಕಾಲ ಫೆಬ್ರವರಿಯವರೆಗೆ ಮಾತ್ರ. ಮಾರ್ಚ್ ಬಂದರೆ ಪರೀಕ್ಷೆಗಳು. ನಗರದೇವತೆ ದುರ್ಗಾಂಬಿಕಾ ದೇವಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಫೆಬ್ರವರಿ ಅಥವಾ ಮಾರ್ಚ್ ಹೊತ್ತಿಗೆ ಬರುತ್ತದೆ. ಜಾತ್ರೆಯ ವರ್ಷ ಆ ವಾರ ಭೇಟಿ ಇಟ್ಟುಕೊಂಡರೆ ಯಾರೂ ಬರುವುದಿಲ್ಲ, ಆದರೆ ನೆಂಟರಿಷ್ಟರು ಮನೆ ತುಂಬಿರುವ ಆ ದಿನಗಳಲ್ಲೇ ‘ನಿಮ್ಮ ಹುಡುಗನನ್ನು ಎಲ್ಲಿಗೆ ಹಾಕುತ್ತೀರಿ’ ಎಂಬ ಮಾತು ಹೆಚ್ಚು ನಡೆಯುವುದರಿಂದ, ಜಾತ್ರೆಗೆ ಮುಂಚೆಯೇ ಅರ್ಧಕ್ಕಿಂತ ಹೆಚ್ಚು ಭೇಟಿಗಳು ಮುಗಿದಿರಬೇಕು.

ಭೇಟಿಯ ದಿನ ಮೊದಲ ಅರ್ಧ ಗಂಟೆ ತರಗತಿಗಳನ್ನು ನೋಡುವುದಕ್ಕೆ. ಎಲ್‌ಕೆಜಿ ತರಗತಿಯ ಹಿಂಬದಿಯಲ್ಲಿ ಇಬ್ಬರು ಮೂವರಂತೆ ಹತ್ತು ನಿಮಿಷ ನಿಲ್ಲಲು ಬಿಡಬೇಕು. ಅತಿಥಿಗಳು ಬಂದರೆಂದು ಮಕ್ಕಳಿಂದ ಹಾಡು ಹೇಳಿಸಬಾರದು, ಮಕ್ಕಳ ಫೋಟೊ ತೆಗೆಯಲು ಅನುಮತಿ ಇಲ್ಲ ಎಂದು ಮೊದಲೇ ತಿಳಿಸಬೇಕು. ಅಳುತ್ತಿರುವ ಮಗುವನ್ನು ಮಿಸ್ ಹೇಗೆ ಸಮಾಧಾನ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ತಾಯಿಗೆ ಬೇರೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಆಮೇಲೆ ಮುಖ್ಯೋಪಾಧ್ಯಾಯಿನಿ ಕಾಲು ಗಂಟೆಯಲ್ಲಿ ಶುಲ್ಕ, ವ್ಯಾನ್ ಮತ್ತು ವಯಸ್ಸಿನ ನಿಯಮಗಳನ್ನು ಹೇಳಿ ಮುಗಿಸಬೇಕು.

ಉಳಿದ ಸಮಯವೇ ಇಡೀ ಯೋಜನೆಯ ಜೀವ. ಈಗಿರುವ ಮೂವರು ಪೋಷಕರನ್ನು ಹೊಸಬರೊಂದಿಗೆ ಕೂರಿಸಿ, ಚಹಾ ತಿಂಡಿ ಇಟ್ಟು, ಶಾಲೆಯವರೆಲ್ಲರೂ, ಮುಖ್ಯೋಪಾಧ್ಯಾಯಿನಿಯೂ ಸೇರಿದಂತೆ, ಆ ಕೋಣೆಯಿಂದ ಹೊರಗೆ ಹೋಗಬೇಕು. ಮಂಡಳಿಯವರಿಗೆ ಇದು ಅತ್ಯಂತ ಕಷ್ಟದ ಹೆಜ್ಜೆ. ‘ಅವರು ಏನಾದರೂ ಹೇಳಿಬಿಟ್ಟರೆ’ ಎಂಬ ಅಳುಕು ಸಹಜ. ಆದರೆ ಶಾಲೆಯವರು ಕೂತಿರುವ ಕೋಣೆಯಲ್ಲಿ ಆಡಿದ ಮಾತನ್ನು ಹೊಸ ಪೋಷಕರು ಶಾಲೆಯ ಮಾತೆಂದೇ ಲೆಕ್ಕ ಹಾಕುತ್ತಾರೆ; ನಂಬಿಕೆ ಹುಟ್ಟಬೇಕಾದರೆ ಕೋಣೆ ಅವರದೇ ಆಗಿರಬೇಕು.

ಆ ಮೂವರನ್ನು ಆರಿಸುವಾಗ ಮಂಡಳಿಗೆ ಮೊದಲು ನೆನಪಾಗುವುದು ರ‍್ಯಾಂಕ್ ಬಂದ ಮಕ್ಕಳ ತಂದೆ ತಾಯಂದಿರು, ಇಲ್ಲವೇ ಊರಿನಲ್ಲಿ ಹೆಸರಿರುವವರು. ಇವರಿಬ್ಬರೂ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಎಲ್‌ಕೆಜಿಗೆ ಮಗು ಸೇರಿಸುವ ತಾಯಿಗೆ ಬೇಕಾದದ್ದು ಕಳೆದ ಜೂನ್‌ನಲ್ಲಷ್ಟೇ ಇದೇ ಚಿಂತೆಯನ್ನು ದಾಟಿ ಬಂದ ಇನ್ನೊಬ್ಬ ತಾಯಿ. ಆದ್ದರಿಂದ ಒಬ್ಬರು ಈಗಿನ ಎಲ್‌ಕೆಜಿ ಮಗುವಿನ ಪೋಷಕರಾಗಿರಬೇಕು. ಇನ್ನೊಬ್ಬರು ಮೂರು ನಾಲ್ಕು ವರ್ಷಗಳಿಂದ ಶುಲ್ಕ ಕಟ್ಟುತ್ತಿರುವವರಾಗಿದ್ದರೆ, ವರ್ಷದಿಂದ ವರ್ಷಕ್ಕೆ ಶುಲ್ಕ ಎಷ್ಟು ಏರಿತು ಎಂಬ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೂರನೆಯವರು ಒಂದು ದೂರನ್ನು ತಂದು, ಅದು ಬಗೆಹರಿದುದನ್ನು ಕಂಡವರಾಗಿರಬೇಕು. ‘ಶೌಚಾಲಯಕ್ಕೆ ಆಯಾ ಜೊತೆಗೆ ಹೋಗುತ್ತಿರಲಿಲ್ಲ, ಹೇಳಿದ ಮೇಲೆ ಸರಿಮಾಡಿದರು’ ಎಂಬ ಒಂದು ಮಾತು ‘ಶಾಲೆ ತುಂಬಾ ಚೆನ್ನಾಗಿದೆ’ ಎಂಬ ಹತ್ತು ಮಾತುಗಳಿಗಿಂತ ಹೆಚ್ಚು ದೂರ ಹೋಗುತ್ತದೆ. ಒಬ್ಬರನ್ನೇ ಎಂಟೂ ಭೇಟಿಗಳಿಗೆ ಕರೆಯಬಾರದು. ಮೂರನೆಯ ಸಲಕ್ಕೆ ಅವರ ಮಾತು ಬಾಯಿಪಾಠದಂತೆ ಕೇಳಿಸತೊಡಗುತ್ತದೆ. ಹನ್ನೆರಡು ಪೋಷಕರನ್ನು ಒಪ್ಪಿಸಿಕೊಂಡರೆ ಪ್ರತಿಯೊಬ್ಬರಿಗೂ ಎರಡು ಸಲ ಮಾತ್ರ ಸರದಿ ಬರುತ್ತದೆ.

ಈ ಭೇಟಿಯಲ್ಲಿ ಕೈಗೆ ಕೊಡಬೇಕಾದ ಕಾಗದ ಒಂದೇ: ಈ ಸಾಲಿನ ಶುಲ್ಕ, ಅದರ ಪಕ್ಕದಲ್ಲೇ ಹಿಂದಿನ ಮೂರು ಸಾಲುಗಳ ಶುಲ್ಕ, ಪುಸ್ತಕ, ಸಮವಸ್ತ್ರ ಮತ್ತು ವ್ಯಾನ್‌ಗೆ ತಗಲುವ ಮೊತ್ತ, ಕಂತುಗಳ ದಿನಾಂಕ. ಪೋಷಕರು ಹೆದರುವುದು ಶುಲ್ಕ ಹೆಚ್ಚೆಂದು ಮಾತ್ರವಲ್ಲ. ಸೇರಿಸಿದ ಮೇಲೆ ಹೊಸ ಹೊಸ ಹೆಸರಿನಲ್ಲಿ ಹಣ ಕೇಳುತ್ತಾರೆ ಎಂಬುದಕ್ಕೆ. ಹಿಂದಿನ ಮೂರು ವರ್ಷಗಳನ್ನು ಬರೆದುಕೊಟ್ಟ ಶಾಲೆಯ ಕಾಗದ ಮನೆಯಿಂದ ಮನೆಗೆ ಹೋಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿಯೂ ಓಡಾಡುತ್ತದೆ.

ವಯಸ್ಸಿನ ವಿಷಯವನ್ನೂ ಇಲ್ಲೇ ನೇರವಾಗಿ ಹೇಳಬೇಕು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬುದು ರಾಜ್ಯದ ನಿಯಮ. 2025-26ನೇ ಸಾಲಿಗೆ ಮಾತ್ರ ಎಂದು ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತ್ತು. ಆರು ವರ್ಷದ ನಿಯಮದಿಂದ ಹಿಂದಕ್ಕೆ ಎಣಿಸಿದರೆ ಎಲ್‌ಕೆಜಿಗೆ ನಾಲ್ಕು ವರ್ಷ ತುಂಬಿರಬೇಕು. ಮೂರು ವರ್ಷ ಎಂಟು ತಿಂಗಳ ಮಗುವನ್ನು ಸೀಟು ತುಂಬಲಿ ಎಂದು ಎಲ್‌ಕೆಜಿಗೆ ಸೇರಿಸಿಕೊಂಡ ಶಾಲೆ ಎರಡು ವರ್ಷಗಳ ನಂತರ ಅದೇ ಪೋಷಕರಿಗೆ ‘ವಯಸ್ಸು ಸಾಲದು’ ಎಂದು ಹೇಳಬೇಕಾದ ಪರಿಸ್ಥಿತಿಗೆ ಬರುತ್ತದೆ. ಆ ಸಾಲಿನ ಸುತ್ತೋಲೆಯನ್ನು ತೋರಿಸಿ, ‘ಒಂದು ವರ್ಷ ನರ್ಸರಿಯಲ್ಲಿ ಇರಲಿ, ಇಲ್ಲವೇ ಅಂಗನವಾಡಿಗೆ ಕಳುಹಿಸಿ, ಮುಂದಿನ ವರ್ಷ ಬನ್ನಿ’ ಎಂದು ಹೇಳಿದ ಶಾಲೆಗೆ ಆ ವರ್ಷ ಒಂದು ದಾಖಲಾತಿ ತಪ್ಪಬಹುದು, ಆದರೆ ಆ ಕುಟುಂಬ ಹೋದಲ್ಲೆಲ್ಲ ಆ ಮಾತನ್ನು ಹೇಳುತ್ತದೆ. ಹಾಗೆಯೇ ಭೇಟಿಯ ನೆಪದಲ್ಲಿ ಮಗುವಿಗೋ ತಂದೆ ತಾಯಿಗೋ ಪರೀಕ್ಷೆ, ಸಂದರ್ಶನ ಇಡಬಾರದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಅದನ್ನೂ ವಂತಿಗೆಯನ್ನೂ ನಿಷೇಧಿಸಿದೆ. ಪರೀಕ್ಷಿಸಿ ಆರಿಸಿದ ಮೊದಲ ತಪ್ಪಿಗೆ 25,000 ರೂಪಾಯಿ, ನಂತರದ ಪ್ರತಿ ತಪ್ಪಿಗೆ 50,000 ರೂಪಾಯಿಯವರೆಗೆ ದಂಡ ವಿಧಿಸಬಹುದು.

ಖರ್ಚಿನ ಲೆಕ್ಕ ಹೀಗಿದೆ. ಒಂದು ಭೇಟಿಗೆ ಚಹಾ, ತಿಂಡಿ, ಮುದ್ರಣ ಸೇರಿ 1,500 ರೂಪಾಯಿಯಂತೆ ಎಂಟು ಭೇಟಿಗೆ 12,000 ರೂಪಾಯಿ. ಬಂದ 48 ಕುಟುಂಬಗಳಲ್ಲಿ 20 ಸೇರಿದರೆ ತಲಾ 600 ರೂಪಾಯಿ. ಬಂದವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಕಡಿಮೆ ಜನ ಸೇರುತ್ತಿದ್ದರೆ ಭೇಟಿಯನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ಅವರು ನೋಡಿದ್ದರಲ್ಲಿ ಏನೋ ಒಂದು ಹಿಡಿಸಿಲ್ಲ ಎಂದರ್ಥ. ಎರಡು ಭೇಟಿಗಳ ನಂತರವೇ ಇದು ತಿಳಿದುಬರುವುದರಿಂದ ಸರಿಪಡಿಸಿಕೊಳ್ಳಲು ಸಮಯವೂ ಉಳಿದಿರುತ್ತದೆ.

ಶಿಕ್ಷಕರ ಮನೆ ಭೇಟಿ

ಬೇಸಿಗೆ ರಜೆಯಲ್ಲಿ ಶಿಕ್ಷಕಿಯರು ಕರಪತ್ರ ಹಿಡಿದು ಬಿಸಿಲಿನಲ್ಲಿ ಬಡಾವಣೆ ಬಡಾವಣೆ ಸುತ್ತುವುದನ್ನು ಈ ಜಿಲ್ಲೆಯಲ್ಲಿ ಎಲ್ಲರೂ ಕಂಡಿದ್ದಾರೆ. ಕೆಲವು ಕಡೆ ಒಬ್ಬೊಬ್ಬರಿಗೆ ಇಷ್ಟು ದಾಖಲಾತಿ ಎಂಬ ಗುರಿಯೂ ಇರುತ್ತದೆ. ಇದು ನನಗೆ ನೋವು ಕೊಡುವ ಪದ್ಧತಿ, ಮತ್ತು ಪ್ರಚಾರದ ದೃಷ್ಟಿಯಿಂದಲೂ ದುರ್ಬಲವಾದದ್ದು. ಮಗುವಿಗೆ ಪಾಠ ಹೇಳಬೇಕಾದವರು ಬಾಗಿಲಲ್ಲಿ ನಿಂತು ಕೇಳಿಕೊಂಡಾಗ ಪೋಷಕರು ಎರಡು ತೀರ್ಮಾನಗಳಿಗೆ ಬರುತ್ತಾರೆ: ಈ ಶಾಲೆಯಲ್ಲಿ ಸೀಟು ತುಂಬಿಲ್ಲ, ಆದ್ದರಿಂದ ಶುಲ್ಕದಲ್ಲಿ ಚೌಕಾಸಿ ಮಾಡಬಹುದು. ಹತ್ತು ಶಿಕ್ಷಕರಿಗೆ ಎಂಟು ದಿನ, ದಿನಕ್ಕೆ 300 ರೂಪಾಯಿ ಭತ್ಯೆ ಕೊಟ್ಟರೆ 24,000 ರೂಪಾಯಿ ಆಗುತ್ತದೆ. ಆರು ಮಕ್ಕಳು ಸೇರಿದರೂ ತಲಾ 4,000 ರೂಪಾಯಿ, ಅದೂ ಚೌಕಾಸಿಯಲ್ಲಿ ಬಿಟ್ಟುಕೊಟ್ಟ ಶುಲ್ಕವನ್ನು ಸೇರಿಸದೆ.

ಆದರೆ ಮನೆ ಭೇಟಿಯಲ್ಲಿ ಸಫಲವಾಗುವ ಇನ್ನೊಂದು ಬಗೆ ಇದೆ. ಶಿಕ್ಷಕರು ಹೊಸ ಮನೆಗಳಿಗೆ ಹೋಗುವ ಬದಲು, ಈಗಾಗಲೇ ಶಾಲೆಗೆ ಬರುತ್ತಿರುವ ಮಗುವಿನ ಮನೆಗೆ, ಆ ಮಗುವಿನ ಕಲಿಕೆಯ ಬಗ್ಗೆ ಮಾತನಾಡಲಿಕ್ಕೆಂದೇ ಹೋಗುವುದು. ನಮ್ಮ ಉದಾಹರಣೆಯ ಶಾಲೆಗೆ ತುರ್ಚಘಟ್ಟ, ಹದಡಿ, ಲೋಕಿಕೆರೆಯ ಕಡೆಯಿಂದ ವ್ಯಾನ್ ಬರುತ್ತದೆ ಎಂದಿಟ್ಟುಕೊಳ್ಳಿ. ಆ ಮಾರ್ಗದ 15 ಮಕ್ಕಳ ಮನೆಗಳಿಗೆ ತರಗತಿ ಶಿಕ್ಷಕಿ ಜನವರಿಯಲ್ಲಿ ಸಂಜೆಯ ಹೊತ್ತು ಹೋಗಿ, ಮಗುವಿನ ನೋಟ್‌ಬುಕ್ ತೆರೆದು, ಓದಿನಲ್ಲಿ ಎಲ್ಲಿ ತಡವರಿಸುತ್ತಿದೆ ಎಂದು ತೋರಿಸಿ, ಅಜ್ಜಿಯ ಜೊತೆ ನಾಲ್ಕು ಮಾತಾಡಿ ಬಂದರೆ ಸಾಕು. ಹಳ್ಳಿಯಲ್ಲಿ ಮಿಸ್ ಮನೆಗೆ ಬಂದದ್ದು ಅಕ್ಕಪಕ್ಕದವರಿಗೆ ಗೊತ್ತಾಗದೆ ಇರುವುದಿಲ್ಲ. ‘ಯಾಕೆ ಬಂದಿದ್ದರು?’ ಎಂದು ಅವರೇ ಕೇಳುತ್ತಾರೆ, ಉತ್ತರ ಕೊಡುವವರು ಆ ಮನೆಯವರು. ದಾಖಲಾತಿಯ ಮಾತನ್ನು ಶಿಕ್ಷಕಿ ತಾವಾಗಿ ಎತ್ತಬಾರದು, ಕೇಳಿದವರಿಗೆ ಶಾಲೆಯ ಭೇಟಿಯ ದಿನಾಂಕವನ್ನು ಹೇಳಬೇಕು ಅಷ್ಟೇ.

ಹಳ್ಳಿಯ ಕುಟುಂಬಗಳ ವಿಷಯದಲ್ಲಿ ಶುಲ್ಕದ ಕಂತುಗಳನ್ನು ಬೆಳೆಗೆ ಹೊಂದಿಸುವುದು ಬಹಳ ಮುಖ್ಯ. ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಮಳೆಗಾಲದ ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಕಟಾವಾದರೆ, ಬೇಸಿಗೆ ಭತ್ತ ಕೈಗೆ ಬರುವುದು ಮೇ ತಿಂಗಳ ಸುಮಾರಿಗೆ. ಮಾರ್ಚ್ ಕೊನೆಯೊಳಗೆ ಅರ್ಧ ಶುಲ್ಕ ಕಟ್ಟಿ ಸೀಟು ಕಾದಿರಿಸಿ ಎನ್ನುವ ಶಾಲೆ ಈ ಮನೆಗಳನ್ನು ಸಾಲಕ್ಕೆ ತಳ್ಳುತ್ತದೆ. ಮೊದಲ ಕಂತು ಜೂನ್ ಮೊದಲ ವಾರದಲ್ಲಿ, ಎರಡನೆಯದು ಡಿಸೆಂಬರ್ ಕೊನೆಯಲ್ಲಿ ಎಂದು ಇಟ್ಟುಕೊಂಡರೆ ಅದೇ ಒಂದು ಮಾತಾಗಿ ಊರಿನಲ್ಲಿ ಹರಡುತ್ತದೆ. ಆದರೆ ಆ ಅವಧಿಯಲ್ಲಿ ಸಂಬಳ ಕೊಡಲು ಶಾಲೆಯ ಬಳಿ ಹಣ ಇದೆಯೇ ಎಂಬುದನ್ನು ಮೊದಲೇ ನೋಡಿಕೊಂಡಿರಬೇಕು.

ಫ್ಲೆಕ್ಸ್, ಕರಪತ್ರ ಮತ್ತು ವಾಟ್ಸ್‌ಆ್ಯಪ್

ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಫ್ಲೆಕ್ಸ್ ಶಾಲೆಯ ಹೆಸರನ್ನು ನೆನಪಿಸುತ್ತದೆ, ನಂಬಿಕೆಯನ್ನು ಹುಟ್ಟಿಸುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುವುದರಿಂದ, ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳಿರುವ ಫ್ಲೆಕ್ಸ್ ಎಂಟನೇ ತರಗತಿಗೆ ಶಾಲೆ ಹುಡುಕುವವರಿಗೆ ಉಪಯೋಗವಾದೀತು, ಎಲ್‌ಕೆಜಿಯವರಿಗೆ ಅಷ್ಟಾಗಿ ಅಲ್ಲ. ಮಕ್ಕಳ ಚಿತ್ರ ಮತ್ತು ಅಂಕಗಳನ್ನು ಹಾಕುವ ಮುಂಚೆ ಪೋಷಕರ ಲಿಖಿತ ಒಪ್ಪಿಗೆ ಪಡೆಯಬೇಕು. ದಾರಿ ತಿಳಿಯದವರಿಗಾಗಿ ಮುಖ್ಯ ರಸ್ತೆಯ ತಿರುವಿನಲ್ಲಿ ಪರವಾನಗಿ ಪಡೆದ ಒಂದು ಫಲಕ ಸಾಕು.

ವಾಟ್ಸ್‌ಆ್ಯಪ್ ಕುರಿತು ಒಂದು ತಾಂತ್ರಿಕ ಸಂಗತಿ ಗೊತ್ತಿರಬೇಕು: ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿದ ಸಂದೇಶ, ಶಾಲೆಯ ಸಂಖ್ಯೆಯನ್ನು ತಮ್ಮ ಮೊಬೈಲ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಎಲ್ಲಿಂದಲೋ ತಂದ ಇನ್ನೂರು ಸಂಖ್ಯೆಗಳಿಗೆ ಕಳುಹಿಸಿ, ಉತ್ತರ ಬಾರದಿದ್ದಾಗ ಜನರಿಗೆ ಆಸಕ್ತಿಯಿಲ್ಲ ಎಂದುಕೊಳ್ಳುವುದು ಸರಿಯಲ್ಲ. ತರಗತಿಯ ಗುಂಪುಗಳಲ್ಲಂತೂ ದಾಖಲಾತಿಯ ಪ್ರಚಾರವನ್ನು ಹಾಕಲೇಬಾರದು. ಹೋಂವರ್ಕ್ ಮತ್ತು ರಜೆಯ ಸುದ್ದಿಗಾಗಿ ಇರುವ ಜಾಗವನ್ನು ಪೋಷಕರು ನೋಡುವುದನ್ನೇ ಬಿಟ್ಟಾರು.

ವಿಚಾರಣಾ ವಹಿಯ ಎರಡು ಕಲಂಗಳು

ಯಾವ ದಾರಿ ಹಿಡಿದರೂ ಅದು ಫಲಿಸುತ್ತಿದೆಯೇ ಎಂದು ತಿಳಿಯುವುದು ಕಚೇರಿಯ ವಿಚಾರಣಾ ವಹಿಯಿಂದ. ಹೆಚ್ಚಿನ ವಹಿಗಳಲ್ಲಿ ‘ಶಾಲೆಯ ಬಗ್ಗೆ ಹೇಗೆ ತಿಳಿಯಿತು?’ ಎಂಬ ಕಲಂ ಇದ್ದು, ಅದರ ಕೆಳಗೆ ‘ಸ್ನೇಹಿತರು’, ‘ಫ್ಲೆಕ್ಸ್’, ‘ಪತ್ರಿಕೆ’ ಎಂದು ಟಿಕ್ ಹಾಕಿರುತ್ತಾರೆ. ಇದರಿಂದ ಉಪಯೋಗ ಕಡಿಮೆ. ಕೇಳಬೇಕಾದ ರೀತಿ ಬೇರೆ.

“ನಮ್ಮ ಶಾಲೆ ವಿಷಯ ಯಾರು ಹೇಳಿದ್ರಮ್ಮ?”

“ನಮ್ಮ ಓಣಿ ಟೈಲರ್ ಅಕ್ಕ ಹೇಳಿದ್ರು ಮೇಡಂ. ಅವರ ಮಗಳು ಇಲ್ಲೇ ಎರಡನೇ ಕ್ಲಾಸು.”

“ಏನಂತ ಹೇಳಿದ್ರು?”

“ವ್ಯಾನ್ ಲೇಟಾದ್ರೆ ನೀವೇ ಮೊದ್ಲು ಫೋನ್ ಮಾಡ್ತೀರಂತೆ. ನಾವು ಕಾಯ್ತಾ ನಿಲ್ಲೋದೇನೂ ಇಲ್ಲ ಅಂದ್ರು.”

ಯಾರು ಹೇಳಿದರು ಎಂಬುದು ಒಂದು ಕಲಂ. ಏನು ಹೇಳಿದರು ಎಂಬುದು ಇನ್ನೊಂದು, ಅದನ್ನು ತಾಯಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ಮೂವತ್ತು ವಿಚಾರಣೆಗಳಾದ ಮೇಲೆ ಆ ಎರಡನೇ ಕಲಂ ಓದಿದರೆ ಊರಿನಲ್ಲಿ ಶಾಲೆಗೆ ಯಾವ ಹೆಸರಿದೆ ಎಂಬುದು ಸ್ಪಷ್ಟವಾಗುತ್ತದೆ, ಮತ್ತು ಅದು ಬಹುತೇಕ ಸಲ ಮಂಡಳಿಯವರು ಕರಪತ್ರದಲ್ಲಿ ಅಚ್ಚು ಹಾಕಿಸಿದ ಸಂಗತಿಯಾಗಿರುವುದಿಲ್ಲ. ಸ್ಮಾರ್ಟ್ ಕ್ಲಾಸ್ ಬಗ್ಗೆ ಒಬ್ಬರೂ ಹೇಳದೆ, ವ್ಯಾನ್ ಫೋನಿನ ಬಗ್ಗೆ ಏಳು ಜನ ಹೇಳಿದ್ದರೆ, ಶಾಲೆ ಕಾಪಾಡಿಕೊಳ್ಳಬೇಕಾದದ್ದು ಆ ಫೋನ್ ಕರೆಯನ್ನು. ಹೇಳಿದ ಟೈಲರ್ ಅಕ್ಕನಿಗೆ ಮುಖ್ಯೋಪಾಧ್ಯಾಯಿನಿ ಒಂದು ಕರೆ ಮಾಡಿ ಕೃತಜ್ಞತೆ ಹೇಳಬೇಕು. ಹಣವೂ ಬೇಡ, ಉಡುಗೊರೆಯೂ ಬೇಡ.

ಉದಾಹರಣೆಯ ಶಾಲೆ ಏನು ಮಾಡಬೇಕು

ನಮ್ಮ ಶಾಲೆಗೆ ನಾನು ಸೂಚಿಸುವುದು ಇಷ್ಟು: ರಿಯಾಯಿತಿ ಯೋಜನೆಯನ್ನು ಕೈಬಿಡುವುದು, ಕೆಲಸದ ದಿನದ ಭೇಟಿಯನ್ನು ಮುಖ್ಯವಾಗಿ ಇಟ್ಟುಕೊಳ್ಳುವುದು, ಒಂದೇ ಒಂದು ವ್ಯಾನ್ ಮಾರ್ಗದ ಹಳ್ಳಿಗಳಲ್ಲಿ ಈಗಿರುವ ಮಕ್ಕಳ ಮನೆ ಭೇಟಿಯನ್ನು ನಡೆಸುವುದು. ಭೇಟಿಗಳಿಗೆ 12,000, ಮನೆ ಭೇಟಿಯ ಓಡಾಟಕ್ಕೆ 10,000, ಶುಲ್ಕದ ಕಾಗದ ಮತ್ತು ಒಂದು ಫಲಕಕ್ಕೆ 18,000 ರೂಪಾಯಿ. ಎಲ್‌ಕೆಜಿ ಶೌಚಾಲಯದ ದುರಸ್ತಿಗೆ 20,000 ಮತ್ತು ಇನ್ನೊಬ್ಬ ಆಯಾಳ ನಾಲ್ಕು ತಿಂಗಳ ಸಂಬಳಕ್ಕೆ 54,000 ರೂಪಾಯಿ. ಜೂನ್ ನಂತರ ಅದು ಶುಲ್ಕದಿಂದಲೇ ನಡೆಯಬೇಕು. ಉಳಿಯುವುದು 6,000. ಪ್ರಚಾರದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಆಯಾ ಮತ್ತು ಶೌಚಾಲಯಕ್ಕೆ ಹೋಗುವುದನ್ನು ಮಂಡಳಿಯ ಕೆಲವರು ಒಪ್ಪಲಿಕ್ಕಿಲ್ಲ. ಆದರೆ ಮಾತನಾಡಲು ಏನಾದರೂ ಇದ್ದರೆ ತಾನೇ ಪೋಷಕರು ಮಾತನಾಡುವುದು. ವ್ಯಾನ್ ಮಾರ್ಗವನ್ನು ಎರಡು ಮಾಡುವ ಖರ್ಚನ್ನು ಸಾರಿಗೆ ಶುಲ್ಕದ ಲೆಕ್ಕದಲ್ಲಿ ನೋಡಿಕೊಳ್ಳಬೇಕು, ಇದರಲ್ಲಿ ಸೇರಿಸಬಾರದು.

18 ಒಡಹುಟ್ಟಿದವರು, ಭೇಟಿಯಿಂದ 20, ಹಳ್ಳಿಗಳಿಂದ 8, ತಾವಾಗಿಯೇ ಬರುವವರು ಹತ್ತು ಎಂದರೆ 56 ಆಗುತ್ತದೆ; ನಾಲ್ಕು ಸೀಟು ಖಾಲಿ ಉಳಿಯಬಹುದು. ಅವುಗಳಿಗಾಗಿ ಮೇ ಕೊನೆಯಲ್ಲಿ ಶುಲ್ಕ ಇಳಿಸಿದರೆ, ಪೂರ್ತಿ ಶುಲ್ಕ ಕಟ್ಟಿದ 56 ಕುಟುಂಬಗಳಿಗೆ ಅದು ತಿಳಿದು, ಮುಂದಿನ ವರ್ಷ ಎಲ್ಲರೂ ಮೇ ಕೊನೆಯವರೆಗೆ ಕಾಯುತ್ತಾರೆ. ನಾಲ್ಕು ಸೀಟು ಖಾಲಿ ಇರಲಿ ಎನ್ನುವುದೇ ಸರಿಯಾದ ನಿರ್ಧಾರ.

ಈ ಆಯ್ಕೆ ಎಲ್ಲ ಶಾಲೆಗಳಿಗೂ ಒಪ್ಪುವುದಿಲ್ಲ. ಈ ವರ್ಷವೇ ಬಾಗಿಲು ತೆರೆಯುವ ಶಾಲೆಗೆ ಮಾತನಾಡಲು ಪೋಷಕರೇ ಇರುವುದಿಲ್ಲವಾದ್ದರಿಂದ, ಅದು ಶಿಕ್ಷಕರ ಹಿಂದಿನ ಹೆಸರನ್ನೂ ಮುಖ್ಯಸ್ಥರ ಪರಿಚಯವನ್ನೂ ಅವಲಂಬಿಸಿ, ಫಲಕ ಕರಪತ್ರಗಳಿಗೆ ಹೆಚ್ಚು ಖರ್ಚು ಮಾಡಬೇಕಾಗುತ್ತದೆ. ಸಿಬಿಎಸ್‌ಇ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುವುದರಿಂದ ಮೇಲಿನ ಎಲ್ಲ ದಿನಾಂಕಗಳನ್ನು ಎರಡು ತಿಂಗಳು ಹಿಂದಕ್ಕೆ ತಂದು, ಅಕ್ಟೋಬರ್‌ನಲ್ಲೇ ಭೇಟಿಗಳನ್ನು ಶುರುಮಾಡಬೇಕು.

ಜೂನ್ ಎರಡನೇ ವಾರ ಕಚೇರಿಗೆ ಒಂದು ಕೆಲಸ ಉಳಿದಿರುತ್ತದೆ. ಭೇಟಿಗೆ ಬಂದು ಸೇರದೆ ಹೋದ 28 ಕುಟುಂಬಗಳಿಗೆ ಮುಖ್ಯೋಪಾಧ್ಯಾಯಿನಿಯೇ ಕರೆ ಮಾಡಿ, ಮಗು ಎಲ್ಲಿಗೆ ಸೇರಿತು, ಅಲ್ಲಿ ಯಾವುದು ಹಿಡಿಸಿತು ಎಂಬ ಎರಡೇ ಪ್ರಶ್ನೆಗಳನ್ನು ಕೇಳಬೇಕು. ಮನವೊಲಿಸುವ ಮಾತು ಬೇಡ. ಸಿಕ್ಕ ಉತ್ತರಗಳನ್ನು ಅದೇ ವಹಿಯಲ್ಲಿ ಆಯಾ ಹೆಸರಿನ ಮುಂದೆ ಬರೆದಿಟ್ಟರೆ, ಡಿಸೆಂಬರ್‌ಗೆ ಮುಂಚೆ ಏನನ್ನು ಸರಿಪಡಿಸಬೇಕು ಎಂಬ ಪಟ್ಟಿ ಜೂನ್‌ನಲ್ಲೇ ಸಿದ್ಧವಾಗಿರುತ್ತದೆ.